ಮಗು ಎತ್ತುವಾಗ ಹೆಬ್ಬೆರಳ ಬುಡದಲ್ಲಿ ಜೀವ ಹೋಗುವಷ್ಟು ನೋವು, ಬ್ಯಾಂಡ್ ಹಾಕಿದರೂ ಕಡಿಮೆಯಿಲ್ಲ

ಕಾಫಿಹೂವು, ನಾಪೋಕ್ಲು (ಜುಲೈ 9)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಮೂರು ತಿಂಗಳು. ಮೊದಲ ಮಗು. ಹೆರಿಗೆಯಾಗಿ ಒಂದೂವರೆ ತಿಂಗಳಿಗೆ ಬಲಗೈ ಮಣಿಕಟ್ಟಿನಲ್ಲಿ ನೋವು ಶುರುವಾಯಿತು. ಹೆಬ್ಬೆರಳ ಕಡೆ, ಮಣಿಕಟ್ಟಿನ ಅಂಚಿನ ಮೂಳೆಯ ಮೇಲೆ. ಅಲ್ಲಿ ಹುಣಸೆ ಬೀಜದಷ್ಟು ಊದಿಕೊಂಡಿದೆ. ಮುಟ್ಟಿದರೆ ನೋವು.

ಸುಮ್ನೆ ಕೂತರೆ ಏನೂ ಇಲ್ಲ. ಮಗುವನ್ನು ಎತ್ತಲು ಹೋದಾಗ ಮಾತ್ರ ಹೆಬ್ಬೆರಳಿನಿಂದ ಮೊಣಕೈ ತನಕ ಚಳಕ್ ಎನ್ನುತ್ತದೆ. ನಿನ್ನೆ ಬೆಳಗ್ಗೆ ಮಗು ಕೈಯಿಂದ ಜಾರುವಂತಾಯಿತು. ಹೆದರಿ ಅತ್ತುಬಿಟ್ಟೆ. ಬಟ್ಟೆ ಹಿಂಡುವಾಗ, ಗ್ಯಾಸ್ ತಿರುಗಿಸುವಾಗ, ಬಾಟಲಿ ಮುಚ್ಚಳ ತೆಗೆಯುವಾಗಲೂ ಹೀಗೇ.

ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಮಣಿಕಟ್ಟಿಗೆ ಸುತ್ತುವ ಎಲಾಸ್ಟಿಕ್ ಬ್ಯಾಂಡ್ ಕೊಟ್ಟರು. ಹತ್ತು ದಿನ ಹಾಕಿದೆ. ಏನೂ ಬದಲಾಗಲಿಲ್ಲ. ಅತ್ತೆ ಇದು ಬಾಣಂತಿ ವಾಯು, ತಾನೇ ಹೋಗುತ್ತದೆ ಅನ್ನುತ್ತಾರೆ. ಮಗುವನ್ನು ಎತ್ತಬೇಡ ಎಂದು ಮಾತ್ರ ಯಾರೂ ಹೇಳಬೇಡಿ, ಅದು ಆಗದ ಮಾತು. ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?

ಹಳೇತೊಟ್ಟಿಲು, ವಿರಾಜಪೇಟೆ

ಮಗಳೇ, ನನಗೆ ಮೂರೂ ಬಾಣಂತನದಲ್ಲಿ ಮೈಕೈ ನೋವಿತ್ತು. ಇದು ವಾಯುವೇ. ಈ ಜಡಿಮಳೆಯಲ್ಲಿ ತಣ್ಣೀರಲ್ಲಿ ಕೈ ಅದ್ದುತ್ತೀಯ ಅಲ್ವಾ? ಅದನ್ನು ಮೊದಲು ಬಿಡು. ರಾತ್ರಿ ಎಣ್ಣೆ ಬಿಸಿ ಮಾಡಿ ನೋವಿರುವ ಜಾಗವನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ತಿಕ್ಕಿಸು. ಆಮೇಲೆ ಬಿಸಿ ಬಟ್ಟೆ ಕಟ್ಟು.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಮಗುವಿಗೆ ನೀರು ಹಾಕುವುದು, ಬಟ್ಟೆ ಒಗೆಯುವುದು ಬಾಣಂತಿ ಕೆಲಸ ಆಗಿರಲಿಲ್ಲ. ಅಮ್ಮನೋ ಅಜ್ಜಿಯೋ ಮಾಡುತ್ತಿದ್ದರು. ನಾವು ಹಾಲು ಕುಡಿಸಿ ಮಲಗುತ್ತಿದ್ದೆವು. ಈಗ ನೀವೇ ಎಲ್ಲ ಮಾಡುತ್ತೀರಿ, ಕೈ ಹೇಗೆ ತಡೆಯುತ್ತದೆ?

ಸಣ್ಣಹೆಜ್ಜೆ, ಮಾದಾಪುರ

ನನಗೂ ಇದೇ ಸಮಸ್ಯೆ ಇತ್ತು. ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟುತ್ತಿದ್ದವು. ಕೈ ಕೊಡವಿದರೆ ಸರಿಯಾಗುತ್ತಿತ್ತು. ರಾತ್ರಿ ರಿಸ್ಟ್ ಬ್ಯಾಂಡ್ ಹಾಕಿ ಮಲಗಿದೆ, ಎರಡು ತಿಂಗಳಲ್ಲಿ ಹೋಯಿತು. ನೀವೂ ಬ್ಯಾಂಡ್ ಬಿಡಬೇಡಿ, ಮುಂದುವರಿಸಿ.

ಕೈಕೆಲಸ, ಕುಶಾಲನಗರ

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ ಕೆಲವು ವರ್ಷ ಕೈಯ ತೊಂದರೆಗಳನ್ನೇ ನೋಡುತ್ತಿದ್ದೆ. ಕಾಣದೆ ಇದೇ ಎಂದು ಹೇಳಲು ಆಗುವುದಿಲ್ಲ. ಆದ್ದರಿಂದ ಮೊದಲು ಕೆಲವು ಪ್ರಶ್ನೆ.

ಬೆರಳು ಮರಗಟ್ಟುತ್ತದೆಯಾ? ಎಲ್ಲಾದರೂ ಜಾರಿ ಕೈ ಊರಿ ಬಿದ್ದಿದ್ದಿರಾ? ನೋವಿರುವ ಜಾಗ ಕೆಂಪಾಗಿ ಬಿಸಿಯಾಗಿದೆಯಾ, ಜ್ವರ ಇದೆಯಾ? ಬೆಳಗ್ಗೆ ಎರಡೂ ಕೈಯ ಬೆರಳ ಗೆಣ್ಣುಗಳು ಬಹಳ ಹೊತ್ತು ಬಿಗಿಯಾಗಿರುತ್ತವೆಯಾ?

ಆಮೇಲೆ ಇದು ಇನ್ನೂ ಮುಖ್ಯ. ಮಗು ಎಲ್ಲಿ ಮಲಗುತ್ತದೆ? ಅಲ್ಲಿಂದ ಹೇಗೆ ಎತ್ತುತ್ತೀರಿ? ನೀರು ಯಾರು ಹಾಕುತ್ತಾರೆ? ಹಾಲು ಕುಡಿಸುವಾಗ ಬಲಗೈ ಎಲ್ಲಿರುತ್ತದೆ? ಒಂದು ದಿನ ಗಮನಿಸಿ ಬರೆಯಿರಿ.

ಮಾದಾಪುರದ ತಂಗಿ, ನಿಮ್ಮದು ಬೇರೆ ತೊಂದರೆ. ನಿಮಗೆ ಅಂಗೈ ಬುಡದಲ್ಲಿ ನರ ಒತ್ತಿಕೊಂಡು ಜೋಮು ಬರುತ್ತಿತ್ತು ಅನ್ನಿಸುತ್ತದೆ. ಅದೂ ಬಸುರಿ ಬಾಣಂತಿಯರಿಗೆ ಬರುತ್ತದೆ. ಅದಕ್ಕೆ ಮಣಿಕಟ್ಟು ನೇರ ಇದ್ದರೆ ಸಾಕು, ಹಾಗಾಗಿ ನಿಮ್ಮ ಬ್ಯಾಂಡ್ ಕೆಲಸ ಮಾಡಿತು. ಇವರಿಗೆ ಹೆಬ್ಬೆರಳನ್ನೂ ಹಿಡಿದು ನಿಲ್ಲಿಸಬೇಕು.

ಕಾಫಿಹೂವು, ನಾಪೋಕ್ಲು (ಜುಲೈ 11)

ಅಕ್ಕ, ಮರಗಟ್ಟುವುದಿಲ್ಲ. ಬಿದ್ದಿಲ್ಲ. ಜ್ವರ ಇಲ್ಲ. ಬೆಳಗ್ಗೆ ಬಿಗಿತ ಇಲ್ಲ.

ನಿನ್ನೆ ಇಡೀ ದಿನ ಗಮನಿಸಿದೆ. ಬರೆದುಕೊಂಡು ನೋಡಿದರೆ ನನಗೇ ಆಶ್ಚರ್ಯ. ಬೆಳಗ್ಗೆಯಿಂದ ರಾತ್ರಿ ತನಕ ಮಗುವನ್ನು 43 ಸಲ ಎತ್ತಿದ್ದೇನೆ! ಮಗು 6 ಕೆಜಿ ಇದ್ದಾನೆ. ಮಲಗುವುದು ಸೀರೆ ತೊಟ್ಟಿಲಲ್ಲಿ. ತೊಟ್ಟಿಲು ನನ್ನ ಮೊಣಕಾಲಿನ ಮಟ್ಟಕ್ಕಿದೆ, ಆಳ ಜಾಸ್ತಿ. ಬಗ್ಗಿ ಎರಡೂ ಕೈ ಒಳಗೆ ಹಾಕಿ, ಕಂಕುಳ ಕೆಳಗೆ ಹಿಡಿದು ಎತ್ತುತ್ತೇನೆ.

ನೀರು ಹಾಕಲು ಬರುತ್ತಿದ್ದ ಅಮ್ಮ ಎರಡು ತಿಂಗಳಿಗೆ ಬಿಟ್ಟರು. ಈಗ ನಾನೇ ಕಾಲು ಚಾಚಿ ಕೂತು ಹಾಕುತ್ತೇನೆ. ಎಡಗೈಯಲ್ಲಿ ಮಗು, ಬಲಗೈಯಲ್ಲಿ ತಾಮ್ರದ ಚೆಂಬು. ಹಾಲು ಕುಡಿಸುವಾಗ ಬಲಗೈಯಿಂದ ಅವನ ತಲೆ ಹಿಡಿದಿರುತ್ತೇನೆ. ಡಯಪರ್ ಹಾಕಿದರೆ ಕೆಂಪಾಗುತ್ತದೆ ಎಂದು ಬಟ್ಟೆಯನ್ನೇ ಕಟ್ಟುವುದು. ದಿನಕ್ಕೆ ಹದಿನೈದು ಇಪ್ಪತ್ತು ಬಟ್ಟೆ. ಮಳೆಗೆ ಒಣಗುವುದಿಲ್ಲ, ಅದಕ್ಕೇ ಗಟ್ಟಿಯಾಗಿ ಹಿಂಡುತ್ತೇನೆ.

ಕೈಕೆಲಸ, ಕುಶಾಲನಗರ

ಥ್ಯಾಂಕ್ಸ್, ಇಷ್ಟು ವಿವರ ಕೊಟ್ಟಿದ್ದಕ್ಕೆ. ನಿಮ್ಮ ನೋವಿನ ಕಾರಣ ಬಹುಪಾಲು ಇದರಲ್ಲೇ ಇದೆ.

ಹೆಬ್ಬೆರಳನ್ನು ಹೊರಗೆ ಅಗಲಿಸಲು, ಮಾಂಸಖಂಡವನ್ನು ಮೂಳೆಗೆ ಸೇರಿಸುವ ಹಗ್ಗದಂಥ ಎರಡು ಹುರಿಗಳಿವೆ. ನೀವು ಹೇಳಿದ ಮೂಳೆಯ ಮೇಲೆ ಅವು ಒಂದು ಕಿರಿದಾದ ಕೊಳವೆಯೊಳಗೆ ಹಾದುಹೋಗುತ್ತವೆ. ಮಗುವಿನ ಕಂಕುಳಿಗೆ ಕೈ ಹಾಕುವಾಗ ಹೆಬ್ಬೆರಳು ಮೇಲೆದ್ದು ಅಗಲವಾಗುತ್ತದೆ, ಮಗುವಿನ ತೂಕಕ್ಕೆ ಮಣಿಕಟ್ಟು ಕಿರುಬೆರಳ ಕಡೆ ಬಾಗುತ್ತದೆ. ಆಗ ಹುರಿ ಬಿಗಿದು ಕೊಳವೆಯ ಅಂಚಿಗೆ ಉಜ್ಜುತ್ತದೆ. ಬಾವಿ ಕಟ್ಟೆಯ ಮೂಲೆಗೆ ಹಗ್ಗ ಉಜ್ಜಿದ ಹಾಗೆ. ದಿನಕ್ಕೆ 43 ಸಲ ಹೀಗಾದರೆ ಕೊಳವೆಯ ಗೋಡೆ ದಪ್ಪವಾಗುತ್ತದೆ, ಹುರಿ ಜಾರಲು ಜಾಗ ಸಾಲುವುದಿಲ್ಲ. ನೀವು ಮುಟ್ಟಿ ನೋಡುತ್ತಿರುವ ಹುಣಸೆ ಬೀಜ ಅದೇ. ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕ್ವೆರ್ವೇನ್ 1895ರಲ್ಲಿ ಇದರ ಬಗ್ಗೆ ಬರೆದರು. ಡಾಕ್ಟರ್ ಚೀಟಿಯಲ್ಲಿ ಆ ಹೆಸರು ಬರೆದರೆ ಗಾಬರಿ ಬೇಡ.

ಹೆರಿಗೆಯ ನಂತರ ಮೈಯಲ್ಲಿ ಆಗುವ ಬದಲಾವಣೆಗಳಿಗೂ ಇದರಲ್ಲಿ ಪಾಲು ಇರಬಹುದು. ಆದರೆ ನಮ್ಮ ಕೈಗೆ ಸಿಗುವುದು ಎತ್ತುವ ರೀತಿ ಮಾತ್ರ.

ವಿರಾಜಪೇಟೆ ಅಮ್ಮ, ಬಾಣಂತಿಗೆ ಆ ಕೆಲಸ ಇರಲಿಲ್ಲ ಎಂದಿರಲ್ಲ, ಅದು ತುಂಬ ಸರಿಯಾದ ಮಾತು. ಬಿಸಿ ಬಟ್ಟೆಯಿಂದ ಹಿತ ಅನ್ನಿಸಿದರೆ ಇಟ್ಟುಕೊಳ್ಳಲಿ. ಆದರೆ ಆ ಗಂಟಿನ ಮೇಲೆ ಒತ್ತಿ ತಿಕ್ಕುವುದು ಬೇಡ. ಉಜ್ಜಿ ಕೆರಳಿದ ಜಾಗವನ್ನು ಇನ್ನೂ ಉಜ್ಜಿದಂತಾಗುತ್ತದೆ. ಮೊಣಕೈ ಕೆಳಗಿನ ಮಾಂಸದ ಭಾಗಕ್ಕೆ ಮೆತ್ತಗೆ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ.

ಈಗ ಕೈಗೆ ಹಾಕುವ ಪಟ್ಟಿಯ ವಿಷಯ. ಸರ್ಜಿಕಲ್ ಅಂಗಡಿಯಲ್ಲಿ ಥಂಬ್ ಸ್ಪೈಕಾ ಸ್ಪ್ಲಿಂಟ್ ಎಂದು ಕೇಳಿ. ಒಳಗೆ ಗಟ್ಟಿ ಕಡ್ಡಿ ಇರಬೇಕು. ಅದು ಮಣಿಕಟ್ಟನ್ನೂ ಹೆಬ್ಬೆರಳ ಬುಡವನ್ನೂ ಹಿಡಿಯಬೇಕು. ಹೆಬ್ಬೆರಳ ತುದಿಯ ಗೆಣ್ಣು ಮಾತ್ರ ಮಡಚಲು ಬರಬೇಕು. ಹಾಕಿಕೊಂಡು ಅಂಗಡಿಯಲ್ಲೇ ಹೆಬ್ಬೆರಳನ್ನು ಅಗಲಿಸಿ ನೋಡಿ. ಬುಡದಿಂದ ಸಲೀಸಾಗಿ ಅಲ್ಲಾಡಿದರೆ ಅದು ನಿಮಗೆ ಬೇಕಾದದ್ದಲ್ಲ. ತೀರಾ ಬಿಗಿಯೂ ಬೇಡ. ಹೆಬ್ಬೆರಳ ಹಿಂಭಾಗ ಮರಗಟ್ಟಿದರೆ ಪಟ್ಟಿ ಅಲ್ಲಿನ ಸಣ್ಣ ನರವನ್ನು ಒತ್ತುತ್ತಿದೆ ಎಂದು ಅರ್ಥ, ಸಡಿಲ ಮಾಡಿ. ಆ ಕೈಯ ಬಳೆಯನ್ನೂ ತೆಗೆದಿಡಿ.

ಮೊದಲ ಮೂರು ನಾಲ್ಕು ವಾರ ಹಗಲೂ ರಾತ್ರಿಯೂ ಹಾಕಿ. ದಿನಕ್ಕೆ ಮೂರು ನಾಲ್ಕು ಸಲ ತೆಗೆದು, ನೋವಾಗದಷ್ಟು ದೂರ ಮಾತ್ರ ಹೆಬ್ಬೆರಳನ್ನೂ ಮಣಿಕಟ್ಟನ್ನೂ ನಿಧಾನವಾಗಿ ಆಡಿಸಿ. ತೆಗೆದ ಹೊತ್ತಿನಲ್ಲಿ ಮಗುವನ್ನು ಎತ್ತಬೇಡಿ. ಎಲ್ಲರೂ ತಪ್ಪುವುದು ಅಲ್ಲೇ.

ಕಾಫಿಹೂವು, ನಾಪೋಕ್ಲು

ಅರ್ಥ ಆಯಿತು ಅಕ್ಕ. ಆದರೆ ಪಟ್ಟಿ ಹಾಕಿಕೊಂಡು ಎತ್ತುವುದಾದರೂ ಹೇಗೆ? ಹೆಬ್ಬೆರಳು ಇಲ್ಲದೆ ಹಿಡಿತ ಎಲ್ಲಿ?

ಕೈಕೆಲಸ, ಕುಶಾಲನಗರ

ಹಿಡಿಯುವುದನ್ನೇ ಬಿಟ್ಟು ಹೊರುವುದನ್ನು ಕಲಿಯಬೇಕು. ಮೊರದಲ್ಲಿ ಅಕ್ಕಿ ಎತ್ತುವ ಹಾಗೆ ಅಂಗೈ ಮೇಲ್ಮುಖ ಇರಲಿ. ಹೆಬ್ಬೆರಳು ತೋರುಬೆರಳಿಗೆ ಅಂಟಿಕೊಂಡಿರಲಿ.

ಮಗುವನ್ನು ಮೊದಲು ಮೆಲ್ಲಗೆ ಒಂದು ಪಕ್ಕಕ್ಕೆ ಹೊರಳಿಸಿ. ಒಂದು ಕೈಯನ್ನು ಕುತ್ತಿಗೆ ಮತ್ತು ಬೆನ್ನಿನ ಕೆಳಗೆ ಜಾರಿಸಿ, ಮುಂಗೈ ಪೂರ್ತಿ ಒಳಗೆ ಹೋಗಲಿ. ಇನ್ನೊಂದು ಕೈ ಕುಂಡಿಯ ಕೆಳಗೆ. ಈಗ ನೀವೇ ಮಗುವಿನ ಹತ್ತಿರ ಬಗ್ಗಿ, ಅವನನ್ನು ಎದೆಗೆ ಒರಗಿಸಿಕೊಳ್ಳಿ. ಎದೆಗೆ ತಾಗಿದ ಮೇಲೆ ಎದ್ದುನಿಲ್ಲಿ. ತೂಕ ಮುಂಗೈ ಮೇಲೆ, ಮೊಣಕೈ ಮೈಗೆ ಹತ್ತಿರ, ಎತ್ತುವುದು ಕಾಲಿನ ಬಲದಿಂದ. ಮಣಿಕಟ್ಟು ಎಲ್ಲೂ ಬಾಗಬಾರದು. ಮೊದಲ ದಿನ ಮಂಚದ ಮೇಲೆ ದಿಂಬಿಟ್ಟು ಅಭ್ಯಾಸ ಮಾಡಿ.

ಇದು ಸೀರೆ ತೊಟ್ಟಿಲಲ್ಲಿ ಆಗುವುದೇ ಇಲ್ಲ. ಬಟ್ಟೆ ಎರಡೂ ಕಡೆಯಿಂದ ಒತ್ತುತ್ತದೆ, ಮುಂಗೈ ಜಾರಿಸಲು ಜಾಗ ಇರುವುದಿಲ್ಲ, ಕೈ ತಾನಾಗಿಯೇ ಕಂಕುಳಿಗೆ ಹೋಗುತ್ತದೆ. ಕೈ ಸರಿಯಾಗುವ ತನಕ ಮಗು ಗಟ್ಟಿಯಾದ ಸಪಾಟು ಹಾಸಿಗೆಯಲ್ಲಿ ಮಲಗಲಿ.

ಹಾಲು ಕುಡಿಸುವಾಗ ತಲೆ ನಿಮ್ಮ ಮೊಣಕೈ ಮಡಿಕೆಯಲ್ಲಿರಲಿ, ಕೆಳಗೆ ದಿಂಬಿಡಿ. ತೂಕ ದಿಂಬಿನ ಮೇಲೆ ಬೀಳಬೇಕು. ಒಂದೊಂದು ಸಲ ಇಪ್ಪತ್ತು ನಿಮಿಷ ತಲೆ ಹಿಡಿದು ಮಣಿಕಟ್ಟು ಬಾಗಿಸಿ ಕೂರುವುದು, 43 ಸಲ ಎತ್ತುವುದಕ್ಕಿಂತ ಕಡಿಮೆ ತೊಂದರೆ ಏನಲ್ಲ.

ಸ್ನಾನ ಮಾತ್ರ ಸದ್ಯ ಬೇರೆಯವರು ಮಾಡಿಸಲಿ. ಎಣ್ಣೆ ಹಚ್ಚಿದ ಮಗು ಜಾರುತ್ತದೆ, ಎಡಗೈ ಹೆಬ್ಬೆರಳು ಬಿಗಿಯಾಗಿ ಹಿಡಿಯುತ್ತದೆ. ಬಲಗೈ ತುಂಬಿದ ಚೆಂಬನ್ನು ಎತ್ತಿ ಬಗ್ಗಿಸುತ್ತದೆ. ಎರಡು ಕೈಗೂ ಪೆಟ್ಟು.

ಗೋಣಿಕೊಪ್ಪದಣ್ಣ

ನನಗೆ 62 ವರ್ಷ. ನನಗೂ ಹೆಬ್ಬೆರಳ ಬುಡದಲ್ಲೇ ನೋವು. ಕಾಫಿ ಗಿಡ ಕಸಿ ಮಾಡುವ ಕತ್ತರಿ ಹಿಡಿದರೆ ಆಗುವುದೇ ಇಲ್ಲ. ಯಾರೋ ಒಂದು ಪರೀಕ್ಷೆ ಹೇಳಿಕೊಟ್ಟರು. ಹೆಬ್ಬೆರಳನ್ನು ಒಳಗೆ ಇಟ್ಟು ಮುಷ್ಟಿ ಕಟ್ಟಿ, ಕಿರುಬೆರಳ ಕಡೆ ಬಗ್ಗಿಸಬೇಕು. ನೋವಾದರೆ ಇದೇ ರೋಗ. ತಂಗಿ, ನೀನೂ ಮಾಡಿ ನೋಡು. ನಾನು ಮಾಡಿದೆ, ಸ್ವಲ್ಪ ನೋವಾಯಿತು. ನಾನೂ ಇದೇ ಪಟ್ಟಿ ತರಿಸಲಾ?

ಕೈಕೆಲಸ, ಕುಶಾಲನಗರ

ಅಣ್ಣ, ಆ ಪರೀಕ್ಷೆ ಇರುವುದು ನಿಜ. ಆದರೆ ಏನೂ ತೊಂದರೆ ಇಲ್ಲದವರಿಗೂ ಅದು ಎಳೆದು ನೋವು ಕೊಡುತ್ತದೆ. ಎರಡು ಕೈ ಹೋಲಿಸಬೇಕು, ನೋವು ಸರಿಯಾಗಿ ಆ ಮೂಳೆಯ ಮೇಲೇ ಬರಬೇಕು. ಅದೂ ಒಮ್ಮೆ, ಮೆತ್ತಗೆ.

ನಿಮ್ಮ ನೋವು ಮಣಿಕಟ್ಟಿನ ಅಂಚಿನಲ್ಲಿದೆಯಾ ಅಥವಾ ಅಂಗೈ ಕಡೆಗೆ, ಹೆಬ್ಬೆರಳು ಕೈಗೆ ಸೇರುವ ಕೀಲಿನಲ್ಲಿದೆಯಾ? ನಿಮ್ಮ ವಯಸ್ಸಿಗೆ ಆ ಕೀಲು ಸವೆದಿರುವುದೂ ಉಂಟು. ಅದಕ್ಕೆ ಪಟ್ಟಿಯೇ ಬೇರೆ. ತೋರಿಸಿ ತಗೊಳ್ಳಿ.

ಎರಡುಜಡೆ, ಸೋಮವಾರಪೇಟೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನನಗೆ ಮೊದಲ ಮಗುವಿಗೆ ಇದೇ ಆಗಿತ್ತು. ಎರಡು ತಿಂಗಳು ಸ್ಪ್ಲಿಂಟ್ ಹಾಕಿದೆ. ಸ್ವಲ್ಪ ಕಡಿಮೆ, ಮತ್ತೆ ಜಾಸ್ತಿ. ಮಗುವಿಗೆ ಐದು ತಿಂಗಳಾದಾಗ ಮೂಳೆ ಡಾಕ್ಟರ್ ಆ ಕೊಳವೆಯೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ದಿನ ನೋವು ಜಾಸ್ತಿ ಇತ್ತು. ಹತ್ತು ದಿನಕ್ಕೆ ಹೋಯಿತು. ಆ ಎರಡು ತಿಂಗಳು ಸುಮ್ನೆ ಯಾಕೆ ನರಳಿದೆ ಅನ್ನಿಸಿತು. ಎರಡನೇ ಮಗುವಿಗೆ ಹೀಗಾದರೆ ನಾನು ನೇರ ಇಂಜೆಕ್ಷನ್‌ಗೇ ಹೋಗುತ್ತೇನೆ.

ನಿಜ ಹೇಳಬೇಕಲ್ಲ, ಅಲ್ಲಿ ಚರ್ಮ ಒಂದು ರೂಪಾಯಿ ನಾಣ್ಯದಷ್ಟು ಬಿಳಿಯಾಗಿ ತುಸು ತಗ್ಗಾಗಿದೆ. ಒಂದು ವರ್ಷವಾದರೂ ಪೂರ್ತಿ ಹೋಗಿಲ್ಲ. ಆ ವಾರ ಎರಡು ದಿನ ಹಾಲು ಕಡಿಮೆ ಅನ್ನಿಸಿತ್ತು, ಅದರಿಂದಲೋ ನಿದ್ದೆ ಇಲ್ಲದ್ದಕ್ಕೋ ಗೊತ್ತಿಲ್ಲ.

ಕೈಕೆಲಸ, ಕುಶಾಲನಗರ

ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಬರೀ ಸ್ಪ್ಲಿಂಟಿಗಿಂತ ಇಂಜೆಕ್ಷನ್ ಜಾಸ್ತಿ ಜನಕ್ಕೆ ಬೇಗ ಗುಣ ಕೊಡುತ್ತದೆ, ಅದು ನಿಜ. ಚರ್ಮ ಬಿಳಿಯಾಗುವುದೂ ಗೊತ್ತಿರುವ ವಿಷಯ. ಹಾಲು ಕೆಲವು ದಿನ ಕಡಿಮೆಯಾದ ಉದಾಹರಣೆಗಳೂ ಇವೆ.

ಆದರೆ ಎತ್ತುವ ರೀತಿ ಬದಲಾಗದಿದ್ದರೆ ಇಂಜೆಕ್ಷನ್ ಆದ ಮೇಲೂ ಅದೇ ಹುರಿ ಅದೇ ಅಂಚಿಗೆ ಉಜ್ಜುತ್ತದೆ. ನಾಪೋಕ್ಲು ತಂಗಿ ಸರಿಯಾದ ಪಟ್ಟಿ ಒಂದು ದಿನವೂ ಹಾಕಿಲ್ಲ. ಮೂರು ನಾಲ್ಕು ವಾರ ಇದನ್ನು ಸರಿಯಾಗಿ ಮಾಡಿ ನೋಡಲಿ ಎನ್ನುವುದು ನನ್ನ ಅಭಿಪ್ರಾಯ. ಮಗು ಬೆಳೆದು ಹಾಲು ಬಿಡುವ ಹೊತ್ತಿಗೆ ತಾನಾಗಿಯೇ ಹೋದವರನ್ನೂ ನೋಡಿದ್ದೇನೆ. ನಿಮ್ಮ ಹಾಗೆ ಕಾದು ಕಾದು ಸೋತವರನ್ನೂ ನೋಡಿದ್ದೇನೆ.

ಎರಡುಜಡೆ, ಸೋಮವಾರಪೇಟೆ

ಮಗು ಕೈಯಿಂದ ಜಾರುವಂತಾಯಿತು ಎಂದಿದ್ದಾಳೆ ಅಕ್ಕ. ನನಗೆ ಆ ಮಾತೇ ತಲೆಯಲ್ಲಿ ಉಳಿದಿದೆ. ನಾಲ್ಕು ವಾರ ಕಾಯುವುದು ನನಗೆ ಇನ್ನೂ ಒಪ್ಪಿಗೆಯಿಲ್ಲ.

ಕಾಫಿಹೂವು, ನಾಪೋಕ್ಲು (ಆಗಸ್ಟ್ 4)

ಮೂರು ವಾರ ಆಯಿತು. ಮಡಿಕೇರಿಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಅಕ್ಕ ಹೇಳಿದ್ದೇ ಎಂದರು. ಎಕ್ಸ್‌ರೇ ಬೇಡ ಎಂದರು. ಹಾಲು ಕುಡಿಸುತ್ತಿದ್ದೇನೆ ಎಂದು ಹೇಳಿದೆ, ಅದಕ್ಕೆ ಸರಿಹೊಂದುವ ಮಾತ್ರೆ ಐದು ದಿನಕ್ಕೆ ಕೊಟ್ಟರು. ಸ್ಪ್ಲಿಂಟ್ ಅಲ್ಲೇ ಸಿಕ್ಕಿತು.

ಮೊದಲ ವಾರ ಏನೂ ಕಡಿಮೆಯಾಗಲಿಲ್ಲ. ಆಮೇಲೆ ಗೊತ್ತಾಯಿತು. ಆ ಮುಷ್ಟಿ ಪರೀಕ್ಷೆಯನ್ನು ನಾನು ದಿನಕ್ಕೆ ಹತ್ತು ಸಲ ಮಾಡಿ ನೋಡುತ್ತಿದ್ದೆ, ಕಡಿಮೆಯಾಯಿತಾ ಎಂದು. ಬಿಟ್ಟ ಮೇಲೆ ಎರಡನೇ ವಾರ ವ್ಯತ್ಯಾಸ ಕಂಡಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮಗು ಈಗ ಕೆಳಗೆ ಹಾಸಿಗೆಯಲ್ಲಿ. ಮೊದಲ ಮೂರು ರಾತ್ರಿ ತೊಟ್ಟಿಲು ಬೇಕೆಂದು ಅತ್ತ. ಆಮೇಲೆ ಒಗ್ಗಿಕೊಂಡ. ನಾನು ಪಕ್ಕದಲ್ಲಿ ಮಂಡಿಯೂರಿ, ಎದೆಗೆ ಒರಗಿಸಿಕೊಂಡು ಎತ್ತುತ್ತೇನೆ. ನೀರು ಹಾಕುವುದು ಅತ್ತೆ, ಚೆಂಬು ಹಿಡಿಯುವುದು ನಮ್ಮ ಮನೆಯವರು. ಬಟ್ಟೆ ಹಿಂಡುವುದನ್ನು ನಿಲ್ಲಿಸಿದೆ. ದಪ್ಪ ಟವೆಲ್ಲಿನೊಳಗೆ ಸುರುಳಿ ಸುತ್ತಿ ಮೇಲೆ ಮೊಣಕೈಯಿಂದ ಒತ್ತುತ್ತೇನೆ. ಆಮೇಲೆ ಒಲೆ ಮೇಲಿನ ಹಗ್ಗಕ್ಕೆ ಹಾಕುವುದು. ರಾತ್ರಿ ಮಾತ್ರ ಡಯಪರ್.

ಬಲಗೈ ನೋವು ಅರ್ಧಕ್ಕಿಂತ ಕಡಿಮೆ. ಗಂಟು ಇನ್ನೂ ಇದೆ. ಗ್ಯಾಸ್ ತಿರುಗಿಸಬಹುದು. ಬಾಟಲಿ ಮುಚ್ಚಳ ಇನ್ನೂ ಆಗುವುದಿಲ್ಲ.

ಮಳೆಗೆ ಸ್ಪ್ಲಿಂಟ್ ಸದಾ ಹಸಿ ಹಸಿ. ಕೆಳಗೆ ಚರ್ಮ ಕೆಂಪಾಗಿ ತುರಿಸಿತು. ಈಗ ಹಳೇ ಹತ್ತಿ ಕಾಲುಚೀಲದ ತುದಿ ಕತ್ತರಿಸಿ ಒಳಗೆ ಹಾಕುತ್ತೇನೆ, ದಿನಕ್ಕೆ ಎರಡು ಸಲ ಬದಲಿಸುತ್ತೇನೆ. ವೆಲ್ಕ್ರೋ ಮಗುವಿನ ಕೆನ್ನೆಗೆ ಗೀರಿತ್ತು, ಅದರ ಮೇಲೂ ಒಂದು ಮೆತ್ತನೆ ಬಟ್ಟೆ.

ಆದರೆ ಹೊಸ ಚಿಂತೆ ಒಂದಿದೆ. ಈ ವಾರದಿಂದ ಎಡಗೈಯಲ್ಲೂ ಅದೇ ಜಾಗದಲ್ಲಿ ಶುರುವಾಗಿದೆ.

ಕೈಕೆಲಸ, ಕುಶಾಲನಗರ

ಬಲಗೈಗೆ ಪಟ್ಟಿ ಬಿದ್ದ ಮೇಲೆ ಎಡಗೈಯಿಂದಲೇ ಜಾಸ್ತಿ ಎತ್ತುತ್ತಿದ್ದೀರಾ? ಮಗುವನ್ನು ಎಡ ಸೊಂಟದ ಮೇಲೆ ಇಟ್ಟುಕೊಂಡು ಎಡಗೈಯಿಂದ ಬಳಸಿ ಹಿಡಿಯುತ್ತೀರಾ? ಹಾಗೆ ಹಿಡಿದಾಗ ಎಡ ಹೆಬ್ಬೆರಳು ಹೇಗಿದೆ ನೋಡಿ. ಕೊಕ್ಕೆ ಹಾಗೆ ಚಾಚಿದ್ದರೆ ಒಳಗೆ ತಂದು ಬೆರಳಿಗೆ ಸೇರಿಸಿ. ಮಗು ನಿದ್ದೆ ಹೋದಾಗ ಫೋನ್ ಯಾವ ಕೈಯಲ್ಲಿ, ಯಾವ ಹೆಬ್ಬೆರಳಲ್ಲಿ ಒತ್ತುತ್ತೀರಿ, ಅದನ್ನೂ ನೋಡಿ.

ಕಾಫಿಹೂವು, ನಾಪೋಕ್ಲು

ಎಲ್ಲವೂ ಎಡಗೈಯೇ ಅಕ್ಕ. ಈ ಮೂರು ವಾರದ ಬರಹವನ್ನೂ ಎಡ ಹೆಬ್ಬೆರಳಲ್ಲೇ ಒತ್ತಿದ್ದು. ಇನ್ನು ಮುಂದೆ ಫೋನ್ ದಿಂಬಿನ ಮೇಲಿಟ್ಟು ತೋರುಬೆರಳಲ್ಲಿ ಬರೆಯುತ್ತೇನೆ.

ಡಾಕ್ಟರ್ ಆರು ವಾರಕ್ಕೆ ಮತ್ತೆ ಬರಲು ಹೇಳಿದ್ದಾರೆ. ಬಲಗೈ ಇಷ್ಟಕ್ಕೇ ನಿಂತರೆ ಇಂಜೆಕ್ಷನ್ ಬಗ್ಗೆ ಮಾತಾಡೋಣ ಎಂದರು. ಎರಡು ಕೈಗೂ ಬೇಕಾದರೆ ಏನು ಮಾಡಲಿ ಎಂದು ಇನ್ನೂ ತೀರ್ಮಾನಿಸಿಲ್ಲ. ಸೋಮವಾರಪೇಟೆ ಅಕ್ಕ, ಇಂಜೆಕ್ಷನ್ ಆದ ದಿನ ಮಗುವನ್ನು ಯಾರು ನೋಡಿಕೊಂಡರು, ಎಷ್ಟು ದಿನ ಎತ್ತಲಿಲ್ಲ? ಅದನ್ನು ಹೇಳಿದರೆ ಅಮ್ಮನನ್ನು ಮೊದಲೇ ಕರೆಸಿಕೊಳ್ಳಬಹುದು.

ಎರಡುಜಡೆ, ಸೋಮವಾರಪೇಟೆ

ಆ ದಿನ ಮತ್ತು ಮರುದಿನ ಅಮ್ಮ ಪೂರ್ತಿ ನೋಡಿಕೊಂಡರು. ನಾನು ಮಲಗಿಕೊಂಡೇ ಹಾಲು ಕುಡಿಸಿದೆ, ಮಗುವನ್ನು ಪಕ್ಕಕ್ಕೆ ತಂದು ಮಲಗಿಸುತ್ತಿದ್ದರು. ಮೂರನೇ ದಿನದಿಂದ ಸ್ಪ್ಲಿಂಟ್ ಹಾಕಿ ಎತ್ತಿದೆ. ಅಮ್ಮನನ್ನು ಒಂದು ವಾರಕ್ಕೆ ಕರೆಸಿಕೋ.

ಹಳೇತೊಟ್ಟಿಲು, ವಿರಾಜಪೇಟೆ

ಗಂಟಿನ ಮೇಲೆ ತಿಕ್ಕು ಎಂದು ನಾನೇ ಹೇಳಿದ್ದು, ಮಗಳೇ, ಅದನ್ನು ಮಾಡಬೇಡ. ನನ್ನ ಸೊಸೆಯೂ ಈಗ ಏಳು ತಿಂಗಳ ಬಸುರಿ. ನೀರು ಹಾಕುವುದು ಐದು ತಿಂಗಳ ತನಕ ನಾನೇ ಎಂದು ಅವಳಿಗೆ ನಿನ್ನೆ ಹೇಳಿದೆ. ನಿನ್ನ ಎಡಗೈ ಹೇಗಿದೆ ಎಂದು ಮುಂದಿನ ವಾರ ಬರಿ.